ರೇಖೆಯನ್ನು ಎಳೆಯುವ ಬಿಂದು



2011ರ ಜನಗಣತಿಯಲ್ಲಿ ಕರ್ನಾಟಕದ ಜಿಲ್ಲೆಗಳ ಸಾಕ್ಷರತೆಯ ಪಟ್ಟಿ ಪ್ರಕಟವಾದಾಗ ಶೇಕಡ 88.57ರೊಡನೆ ದಕ್ಷಿಣ ಕನ್ನಡವು ಮೊದಲ ಸ್ಥಾನದಲ್ಲಿಯೂ, 87.67ರೊಡನೆ ಬೆಂಗಳೂರು ನಗರವು ಎರಡನೆಯ ಸ್ಥಾನದಲ್ಲಿಯೂ, 86.24ರೊಡನೆ ಉಡುಪಿಯು ಮೂರನೆಯ ಸ್ಥಾನದಲ್ಲಿಯೂ ಇದ್ದುದನ್ನು ಮಂಗಳೂರಿನ ಈ ಸಭೆಗೆ ನಾನು ನೆನಪಿಸಬೇಕಾದುದಿಲ್ಲ. ನಾನು ಹೇಳಹೊರಟಿರುವುದು ಆ ಹೆಮ್ಮೆಯ ಮಾತನ್ನಲ್ಲ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದವನಿಗೆ ಸಹಜವಾಗಿ ಹುಟ್ಟುವ ಒಂದು ಪ್ರಶ್ನೆಯನ್ನೂ, ಆ ಪ್ರಶ್ನೆಗೆ ಉತ್ತರವನ್ನು ಅಂಕಿಗಳಿಂದ ತೆಗೆಯಲು ಹೊರಟಾಗ ಒಂದೇ ಒಂದು ಜಿಲ್ಲೆಯು ಇಡೀ ಉತ್ತರವನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಬಗೆಯನ್ನೂ, ಆ ಸೆಳೆತವನ್ನು ಅಳೆಯಲು ಸಂಖ್ಯಾಶಾಸ್ತ್ರಜ್ಞರು ಕಂಡುಕೊಂಡ ಎರಡು ಅಳತೆಗಳನ್ನೂ ನಿಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಪ್ರಶ್ನೆ ಇದು: ಜನರು ಒತ್ತಾಗಿ ವಾಸಿಸುವಲ್ಲಿ ಶಾಲೆಯು ಮನೆಗೆ ಸಮೀಪವಾಗುತ್ತದೆ, ಉಪಾಧ್ಯಾಯರು ದೊರೆಯುತ್ತಾರೆ, ಆದುದರಿಂದ ಜನಸಾಂದ್ರತೆಯು ಹೆಚ್ಚಿದಂತೆ ಸಾಕ್ಷರತೆಯೂ ಹೆಚ್ಚಬೇಕಷ್ಟೆ, ಇದು ನಮ್ಮ ರಾಜ್ಯದ ಮಟ್ಟಿಗೆ ದಿಟವೆ? ಅಂದಿನ 30 ಜಿಲ್ಲೆಗಳಿಗೂ ಚದರ ಕಿಲೋಮೀಟರಿಗೆ ಎಷ್ಟು ಜನರೆಂಬ ಅಂಕಿಯನ್ನು ಜನಗಣತಿಯೇ ಕೊಡುತ್ತದೆ. ಕೊಡಗು 135, ಉತ್ತರ ಕನ್ನಡ 140, ಯಾದಗಿರಿ 223, ದಕ್ಷಿಣ ಕನ್ನಡ 430, ಮೈಸೂರು 476. ಬೆಂಗಳೂರು ನಗರವಾದರೋ 4,381. ಅಡ್ಡಗೆರೆಯ ಮೇಲೆ ಸಾಂದ್ರತೆಯನ್ನೂ ಲಂಬಗೆರೆಯ ಮೇಲೆ ಸಾಕ್ಷರತೆಯನ್ನೂ ಗುರುತಿಸಿ, ಜಿಲ್ಲೆಗೊಂದರಂತೆ 30 ಬಿಂದುಗಳನ್ನಿಟ್ಟು, ಅವುಗಳ ನಡುವೆ ಒಂದು ಸರಳರೇಖೆಯನ್ನು ಎಳೆಯುವುದೇ ರಿಗ್ರೆಷನ್. ಪ್ರತಿಯೊಂದು ಬಿಂದುವಿಗೂ ರೇಖೆಗೂ ನಡುವೆ ಲಂಬವಾಗಿ ಉಳಿಯುವ ಅಂತರಕ್ಕೆ ಶೇಷವೆಂದು ಹೆಸರು. ಆ ಶೇಷಗಳ ವರ್ಗಗಳ ಮೊತ್ತವು ಯಾವ ರೇಖೆಗೆ ಅತ್ಯಲ್ಪವೋ ಆ ರೇಖೆಯೇ ಗ್ರಾಹ್ಯವೆಂಬ ವಿಧಾನವನ್ನು ಫ್ರಾನ್ಸಿನ ಲಜಾಂಡ್ರ್ 1805ರಲ್ಲಿ ಪ್ರಕಟಿಸಿದನು. ವರ್ಗವನ್ನು ತೆಗೆದುಕೊಳ್ಳುವುದರಲ್ಲಿ ಒಂದು ಪಕ್ಷಪಾತವಿದೆಯೆಂಬುದನ್ನು ಮಾತ್ರ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಎರಡರಷ್ಟು ದೂರಕ್ಕೆ ನಾಲ್ಕರಷ್ಟು ದಂಡ, ಹತ್ತರಷ್ಟು ದೂರಕ್ಕೆ ನೂರರಷ್ಟು ದಂಡ, ಆದುದರಿಂದ ರೇಖೆಯು ದೊಡ್ಡ ಶೇಷಕ್ಕೆ ಬಹಳ ಅಂಜುತ್ತದೆ.

ಲೆಕ್ಕವನ್ನು ಮಾಡಿದರೆ ರೇಖೆಯ ಏರು 0.0037 ಎಂದು ಬರುತ್ತದೆ. ಅಂದರೆ ಚದರ ಕಿಲೋಮೀಟರಿಗೆ ನೂರು ಜನರು ಹೆಚ್ಚಿದಲ್ಲಿ ಸಾಕ್ಷರತೆಯು ಶೇಕಡ 0.37ರಷ್ಟು ಹೆಚ್ಚು. ಏರು ಅಲ್ಪವಾದರೂ ಮೇಲ್ಮುಖವಾಗಿದೆ, ಊಹೆಯು ಸಮರ್ಥಿತವಾಯಿತೆಂದು ಬರೆದು ಮುಗಿಸಬಹುದೆಂದು ತೋರುತ್ತದೆ. ಎಚ್ಚರವುಳ್ಳವನು ಆಗ ಏನು ಮಾಡುತ್ತಾನೆ? ಶೇಷಗಳ ಪಟ್ಟಿಯನ್ನು ನೋಡುತ್ತಾನೆ. ಅಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಣ್ಣಿಗೆ ಬೀಳುವುದು ಯಾದಗಿರಿ: ರೇಖೆಯು 72.91 ಎಂದು ಹೇಳುತ್ತಿರಲು ಅಲ್ಲಿಯ ಸಾಕ್ಷರತೆಯು ಕೇವಲ 51.83, ಶೇಷವು ಋಣ 21. ಬೆಂಗಳೂರು ನಗರಕ್ಕೆ ರೇಖೆಯ ಅಂದಾಜು 88.48, ವಾಸ್ತವವು 87.67; ಶೇಷವು ಋಣ 0.81 ಮಾತ್ರ, 30ರಲ್ಲಿ ಅತ್ಯಂತ ಸಣ್ಣವಾದ ಕೆಲವೇ ಶೇಷಗಳಲ್ಲೊಂದು. ಈ ಪಟ್ಟಿಯನ್ನಷ್ಟೆ ನಂಬಿದವನು ಯಾದಗಿರಿಯನ್ನು ಸಂಶಯದಿಂದ ನೋಡಿ, ಬೆಂಗಳೂರನ್ನು ತನ್ನ ಸಿದ್ಧಾಂತದ ಉತ್ತಮ ಸಾಕ್ಷಿಯೆಂದು ಎಣಿಸುವನು.

ಈಗ ಆ ಉತ್ತಮ ಸಾಕ್ಷಿಯನ್ನು ಕ್ಷಣಕಾಲ ಹೊರಗೆ ಕಳುಹಿಸಿ, ಉಳಿದ 29 ಜಿಲ್ಲೆಗಳಿಂದಲೇ ರೇಖೆಯನ್ನು ಎಳೆಯೋಣ. ಏರು 0.0037 ಇದ್ದುದು 0.0178 ಆಗುತ್ತದೆ, ಹೆಚ್ಚುಕಡಮೆ ಐದುಪಟ್ಟು. ಈ ಹೊಸ ರೇಖೆಯನ್ನು ಬಲಕ್ಕೆ ಬೆಳೆಸಿಕೊಂಡು ಹೋಗಿ, 4,381ರ ಸಾಂದ್ರತೆಯುಳ್ಳ ಜಿಲ್ಲೆಯಲ್ಲಿ ಸಾಕ್ಷರತೆಯು ಎಷ್ಟಿರಬೇಕೆಂದು ಕೇಳಿದರೆ ಅದು ಕೊಡುವ ಉತ್ತರ ಶೇಕಡ 146. ನೂರು ಜನರಲ್ಲಿ ನೂರ ನಲವತ್ತಾರು ಮಂದಿ ಅಕ್ಷರಸ್ಥರು! ಬೆಂಗಳೂರನ್ನು ಒಳಗಿಟ್ಟುಕೊಂಡಾಗ ಅತ್ಯಂತ ವಿವೇಕಿಯಾಗಿ ಕಂಡ ಲೆಕ್ಕವು ಅದನ್ನು ಹೊರಗಿಟ್ಟಾಗ ಇಂತಹ ಅಸಂಬದ್ಧವನ್ನು ನುಡಿಯುವುದಾದರೆ, ಆ ವಿವೇಕವು ಲೆಕ್ಕದ್ದಾಗಿರಲಿಲ್ಲ. ಬೆಂಗಳೂರು ತನ್ನ ಬಳಿಗೆ ರೇಖೆಯನ್ನು ಎಳೆದು ತಂದು, ಅದು ತನ್ನನ್ನು ಸರಿಯಾಗಿ ಊಹಿಸಿತೆಂಬ ಭ್ರಮೆಯನ್ನು ನಮ್ಮಲ್ಲಿ ಹುಟ್ಟಿಸಿತ್ತು.

ಈ ಎಳೆತದ ಸಾಮರ್ಥ್ಯಕ್ಕೆ ಲೆವರೇಜ್ ಎಂದು ಹೆಸರು. ನಾನು ಸನ್ನೆಬಲವೆಂದು ಕರೆಯುತ್ತೇನೆ. ಹಾರೆಯಿಂದ ಬಂಡೆಯನ್ನು ಮೀಟುವವನು ಆನಿಕೆಯಿಂದ ಎಷ್ಟು ದೂರದಲ್ಲಿ ಕೈಯಿಟ್ಟರೆ ಅಷ್ಟು ಸುಲಭವಾಗಿ ಬಂಡೆಯು ಏಳುವಂತೆ, ಬಿಂದುಗಳ ಸಾಂದ್ರತೆಯ ಸರಾಸರಿಯಿಂದ ಎಷ್ಟು ದೂರದಲ್ಲಿ ಒಂದು ಬಿಂದುವು ನಿಂತಿದೆಯೋ ಅಷ್ಟು ಸುಲಭವಾಗಿ ಅದು ರೇಖೆಯನ್ನು ತಿರುಗಿಸಬಲ್ಲದು. ಒಂದೇ ಕಾರಣವುಳ್ಳ ರೇಖೆಗೆ ಅದರ ಸೂತ್ರವು ಹೀಗಿದೆ:

h = 1/n + (x − x̄)² / Σ(x − x̄)²

ಇಲ್ಲಿ n ಎಂಬುದು ಬಿಂದುಗಳ ಸಂಖ್ಯೆ, x ಆ ಜಿಲ್ಲೆಯ ಸಾಂದ್ರತೆ, x̄ ಎಲ್ಲ ಜಿಲ್ಲೆಗಳ ಸಾಂದ್ರತೆಯ ಸರಾಸರಿ. ಸೂತ್ರದಲ್ಲಿ ಸಾಕ್ಷರತೆಯ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಿರಿ. ಬೆಂಗಳೂರಿನ ಸನ್ನೆಬಲವನ್ನು ತಿಳಿಯಲು ಅಲ್ಲಿ ಎಷ್ಟು ಮಂದಿ ಓದಬಲ್ಲರೆಂಬುದನ್ನು ನಾವು ತಿಳಿಯಬೇಕಾದುದಿಲ್ಲ. ಅದು ಎಲ್ಲಿ ನಿಂತಿದೆಯೆಂಬುದಷ್ಟೆ ಸಾಕು. 30 ಜಿಲ್ಲೆಗಳ ಸರಾಸರಿ ಸಾಂದ್ರತೆ ಸುಮಾರು 421. ಬೆಂಗಳೂರು ಅದರಿಂದ 3,960ರಷ್ಟು ದೂರದಲ್ಲಿದೆ. ಆ ದೂರದ ವರ್ಗವು ಸುಮಾರು ಒಂದು ಕೋಟಿ ಐವತ್ತೇಳು ಲಕ್ಷ, ಎಲ್ಲ ಜಿಲ್ಲೆಗಳ ದೂರಗಳ ವರ್ಗಗಳ ಮೊತ್ತವು ಸುಮಾರು ಒಂದು ಕೋಟಿ ಅರವತ್ತೈದು ಲಕ್ಷ. ಭಾಗಿಸಿ, ಮೂವತ್ತರಲ್ಲಿ ಒಂದನ್ನು ಕೂಡಿಸಿದರೆ ದೊರೆಯುವ ಸನ್ನೆಬಲ 0.986.

ಈ ಸಂಖ್ಯೆಯ ಅರ್ಥವು ಎರಡು ಬಗೆಯಾಗಿ ತಿಳಿಯುತ್ತದೆ. ಎಲ್ಲ ಬಿಂದುಗಳ ಸನ್ನೆಬಲವನ್ನು ಕೂಡಿಸಿದರೆ ರೇಖೆಯನ್ನು ನಿರ್ಧರಿಸುವ ಅಂಶಗಳ ಸಂಖ್ಯೆಯೇ ಬರುತ್ತದೆ. ಸರಳರೇಖೆಗೆ ಅಂತಹ ಅಂಶಗಳು ಎರಡು, ಎತ್ತರವೊಂದು, ಏರು ಒಂದು. ಹೀಗೆ ಹಂಚಬೇಕಾದ ಎರಡು ಪಾಲುಗಳಲ್ಲಿ ಹತ್ತಿರಹತ್ತಿರ ಒಂದು ಪಾಲನ್ನು ಬೆಂಗಳೂರು ಒಂದೇ ನುಂಗಿದೆ. ಮಿಕ್ಕ ಒಂದನ್ನು 29 ಜಿಲ್ಲೆಗಳು ತಲೆಗೆ 0.035ರಂತೆ ಹಂಚಿಕೊಂಡಿವೆ. ಸರಾಸರಿ ಪಾಲು 0.067, ಅದರ ಎರಡರಷ್ಟನ್ನು, ಅಂದರೆ 0.133ನ್ನು ಮೀರಿದ ಬಿಂದುವನ್ನು ನಿಂತು ನೋಡಬೇಕೆಂಬುದು ರೂಢಿ. ಇನ್ನೊಂದು ಅರ್ಥವು ಇದಕ್ಕಿಂತ ತೀಕ್ಷ್ಣವಾದುದು: ಬೆಂಗಳೂರಿನ ಸಾಕ್ಷರತೆಯ ಅಂಕಿಯನ್ನು ಶೇಕಡ ಒಂದು ಅಂಶದಷ್ಟು ಬದಲಿಸಿದರೆ, ಅಲ್ಲಿಯ ರೇಖೆಯು 0.986 ಅಂಶದಷ್ಟು ಅದರ ಹಿಂದೆಯೇ ಹೋಗುತ್ತದೆ. ಅಂಕಿಗಳನ್ನು ಬರೆದುಕೊಳ್ಳುವಾಗ 87.67ಕ್ಕೆ ಬದಲಾಗಿ ಯಾರೋ 37.67 ಎಂದು ಬರೆದರೆಂದು ಭಾವಿಸೋಣ. ರೇಖೆಯು ಅಲ್ಲಿ 49 ಅಂಶಗಳಷ್ಟು ಕುಸಿದು 39.2ಕ್ಕೆ ಇಳಿಯುತ್ತದೆ, ಏರು ಇದ್ದುದು ಇಳಿತವಾಗುತ್ತದೆ, ಸಾಂದ್ರತೆಯು ಸಾಕ್ಷರತೆಗೆ ಶತ್ರುವೆಂಬ ಸಿದ್ಧಾಂತವು ಹುಟ್ಟುತ್ತದೆ. ಆದರೂ ಬೆಂಗಳೂರಿನ ಶೇಷವು ಕೇವಲ ಋಣ 1.5. ಐವತ್ತು ಅಂಶಗಳ ತಪ್ಪು ಒಂದೂವರೆ ಅಂಶದ ಶೇಷದೊಳಗೆ ಅಡಗಿ ಕುಳಿತುಕೊಳ್ಳಬಲ್ಲದೆಂದ ಮೇಲೆ, ಶೇಷಗಳ ಪಟ್ಟಿಯನ್ನು ನೋಡಿ ತಪ್ಪನ್ನು ಹಿಡಿಯುವೆನೆಂಬವನ ಧೈರ್ಯಕ್ಕೆ ಏನೆನ್ನಬೇಕೋ ನಾನು ಕಾಣೆನು.

ಸನ್ನೆಬಲವು ಸಾಮರ್ಥ್ಯ ಮಾತ್ರ. ಆ ಸಾಮರ್ಥ್ಯವು ಪ್ರಯೋಗಿಸಲ್ಪಟ್ಟಿತೆ ಎಂಬುದು ಬೇರೆ ಪ್ರಶ್ನೆ. ಬೆಂಗಳೂರು ದೂರದಲ್ಲಿದ್ದೂ, ಉಳಿದ 29 ಜಿಲ್ಲೆಗಳ ರೇಖೆಯು ಹೋಗುವ ದಾರಿಯಲ್ಲಿಯೇ ನಿಂತಿದ್ದರೆ ಅದನ್ನು ತೆಗೆದರೂ ಇಟ್ಟರೂ ಏರು ಬದಲಾಗುತ್ತಿರಲಿಲ್ಲ. ಆದುದರಿಂದ ಎರಡನೆಯ ಅಳತೆಯೊಂದು ಬೇಕು: ಬಿಂದುವನ್ನು ತೆಗೆದಾಗ, ಆ ಬಿಂದುವಿನ ಸ್ಥಾನದಲ್ಲಿ ರೇಖೆಯ ಅಂದಾಜು ಎಷ್ಟು ಸರಿಯುತ್ತದೆ? 1977ರಲ್ಲಿ ಡೆನಿಸ್ ಕುಕ್ ಇದಕ್ಕೆ ಸಮೀಪವಾದ ಒಂದು ದೂರವನ್ನು ಪ್ರಸ್ತಾಪಿಸಿದನು. 1980ರಲ್ಲಿ ಬೆಲ್ಸ್‌ಲಿ, ಕೂ ಮತ್ತು ವೆಲ್ಷ್ ಎಂಬ ಮೂವರು ರಿಗ್ರೆಷನ್ನಿನ ರೋಗನಿದಾನದ ಮೇಲೆ ಬರೆದ ಗ್ರಂಥದಲ್ಲಿ ಡಿಎಫ್‌ಫಿಟ್ಸ್ ಎಂಬ ಅಳತೆಯು ಪ್ರಸಿದ್ಧವಾಯಿತು. ಒಂದೊಂದು ಬಿಂದುವನ್ನೂ ತೆಗೆದು ಮೂವತ್ತು ಸಲ ಹೊಸದಾಗಿ ರೇಖೆಯನ್ನು ಎಳೆಯಬೇಕೆ ಎಂದು ನೀವು ಅಂಜಬಹುದು. ಅದು ಬೇಕಾಗಿಲ್ಲವೆಂಬುದೇ ಈ ವಿಷಯದ ಸೊಗಸು. ಕೈಯಲ್ಲಿರುವ ಶೇಷವನ್ನು (1 − h) ಎಂಬುದರಿಂದ ಭಾಗಿಸಿದರೆ, ಆ ಬಿಂದುವನ್ನು ಕಾಣದೆ ಎಳೆದ ರೇಖೆಗೆ ಅದರಿಂದ ಎಷ್ಟು ಅಂತರವಿರುತ್ತಿತ್ತೆಂಬುದು ತಾನಾಗಿಯೇ ಬರುತ್ತದೆ. ಬೆಂಗಳೂರಿಗೆ ಋಣ 0.81ನ್ನು 0.0139ರಿಂದ ಭಾಗಿಸಿರಿ: ಸುಮಾರು ಋಣ 58. ಹಿಂದೆ ಕಂಡ 146ಕ್ಕೂ 87.67ಕ್ಕೂ ಇರುವ ಅಂತರ ಇದೇ.

ರೇಖೆಯ ಅಂದಾಜು 146.1ರಿಂದ 88.5ಕ್ಕೆ ಸರಿಯಿತು, ಅಂದರೆ 57.6 ಅಂಶ. ಇದನ್ನು ಬೇರೆ ಬೇರೆ ಲೆಕ್ಕಗಳಲ್ಲಿ ಹೋಲಿಸಲು ಬರುವಂತೆ ಒಂದು ಮಾನದಿಂದ ಭಾಗಿಸುತ್ತಾರೆ; ಆ ಮಾನವು ಉಳಿದ 29 ಜಿಲ್ಲೆಗಳು ತಮ್ಮ ರೇಖೆಯ ಸುತ್ತ ಚದರಿರುವ ಪ್ರಮಾಣವನ್ನು, ಇಲ್ಲಿ 8.04ನ್ನು, ಸನ್ನೆಬಲದ ವರ್ಗಮೂಲದಿಂದ ಗುಣಿಸಿದುದು. ಚದರಿಕೆಯನ್ನು ಲೆಕ್ಕಿಸುವಾಗಲೂ ಬೆಂಗಳೂರನ್ನು ಹೊರಗಿಡುವುದು ನ್ಯಾಯ. ಆಪಾದಿತನನ್ನೇ ಪಂಚಾಯಿತಿಯಲ್ಲಿ ಕೂರಿಸಬಾರದು. ಹೀಗೆ ಬರುವ ಡಿಎಫ್‌ಫಿಟ್ಸ್ ಋಣ 7.2. ಗಮನಿಸಬೇಕಾದ ಗಡಿಯೆಂದು ಆ ಮೂವರು ಸೂಚಿಸಿದ್ದು 2√(p/n), ಇಲ್ಲಿ ರೇಖೆಯನ್ನು ನಿರ್ಧರಿಸುವ ಅಂಶಗಳ ಸಂಖ್ಯೆಯಾದ p ಎರಡು, n ಮೂವತ್ತು, ಗಡಿ 0.52. ಬೆಂಗಳೂರು ಆ ಗಡಿಯ ಹದಿನಾಲ್ಕು ಪಾಲು ಆಚೆಗೆ ಇದೆ.

ಇಲ್ಲೊಂದು ಸೂಕ್ಷ್ಮವನ್ನು ಬಿಟ್ಟು ಮುಂದೆ ಹೋಗಲಾರೆ. ಋಣ 58ರಷ್ಟು ತಪ್ಪಿದ್ದರಿಂದ ಬೆಂಗಳೂರು ವಿಲಕ್ಷಣವಾದ ಜಿಲ್ಲೆಯೆಂದು ತೀರ್ಮಾನಿಸುವುದು ಅವಸರ. 29 ಜಿಲ್ಲೆಗಳೆಲ್ಲವೂ 135ರಿಂದ 476ರ ಒಳಗೆ ಗುಂಪಾಗಿ ನಿಂತಿವೆ. ಅಷ್ಟು ಚಿಕ್ಕ ನೆಲೆಯಿಂದ 4,381ರವರೆಗೆ ರೇಖೆಯನ್ನು ಬೆಳೆಸಿದಾಗ ಅದರ ಅನಿಶ್ಚಯವೂ ಬೆಳೆದು, ಆ ತುದಿಯಲ್ಲಿ ಸುಮಾರು 68 ಅಂಶಗಳಷ್ಟಾಗುತ್ತದೆ. ಆ ಅನಿಶ್ಚಯದ ಎದುರಿಗೆ 58 ಏನೂ ಅಲ್ಲ. ಅದಕ್ಕೆ ತಕ್ಕಂತೆ ಅಳೆದ ಶೇಷವು ಋಣ 0.86 ಮಾತ್ರ, ಯಾರನ್ನೂ ಬೆಚ್ಚಿಸುವಂತಹುದಲ್ಲ. ಎಂದರೆ ಬೆಂಗಳೂರು ಸುಳ್ಳು ಹೇಳುತ್ತಿಲ್ಲ, ಇತರರೊಡನೆ ಜಗಳವನ್ನೂ ಆಡುತ್ತಿಲ್ಲ. ಇತರರಿಗೆ ಆ ವಿಷಯದಲ್ಲಿ ಹೇಳಲು ಏನೂ ಇಲ್ಲದಿರುವುದರಿಂದ ಅದರ ಮಾತೇ ತೀರ್ಪಾಗಿದೆ.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಯಾದಗಿರಿ. ಕಲಬುರಗಿಯಿಂದ ಬೇರ್ಪಟ್ಟು ಆಗತಾನೆ ಹುಟ್ಟಿದ್ದ ಆ ಜಿಲ್ಲೆಯ ಶೇಷವು ಋಣ 21, ಸನ್ನೆಬಲವಾದರೋ 0.036. ಅದನ್ನು ತೆಗೆದರೆ ಅದರ ಸ್ಥಾನದಲ್ಲಿ ರೇಖೆಯು ಒಂದು ಅಂಶವೂ ಸರಿಯುವುದಿಲ್ಲ, 0.78 ಮಾತ್ರ. ಆದರೂ ಅದರ ಡಿಎಫ್‌ಫಿಟ್ಸ್ ಋಣ 0.59 ಆಗಿ, 0.52ರ ಗಡಿಯನ್ನು ಕೊಂಚ ದಾಟುತ್ತದೆ. ಗಡಿಯನ್ನು ದಾಟಿದವರೆಲ್ಲರಿಗೂ ಒಂದೇ ಹಣೆಪಟ್ಟಿಯನ್ನು ಹಚ್ಚುವ ವರದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, 0.59 ಮತ್ತು 7.2 ಎಂಬೆರಡರ ಪಕ್ಕದಲ್ಲಿ ಒಂದೇ ನಕ್ಷತ್ರಚಿಹ್ನೆಯನ್ನು ಮುದ್ರಿಸುವುದು ಲೆಕ್ಕವನ್ನು ಮಾಡಿ ಬುದ್ಧಿಯನ್ನು ಮನೆಯಲ್ಲಿಟ್ಟು ಬಂದಂತೆ. ಭಾಗಿಸಿದ ಸಂಖ್ಯೆಯ ಜೊತೆಗೆ ಭಾಗಿಸದ ಸರಿತವನ್ನೂ, 57.6 ಅಂಶ, 0.78 ಅಂಶ ಎಂದು, ಬರೆಯುವುದು ನನ್ನ ಅಭ್ಯಾಸ. ಓದುವವರಿಗೆ ಅರ್ಥವಾಗುವುದು ಅದೇ.

ಇನ್ನು ನಮ್ಮ ಜಿಲ್ಲೆಯ ಮಾತು. 30 ಜಿಲ್ಲೆಗಳ ಲೆಕ್ಕದಲ್ಲಿ ದಕ್ಷಿಣ ಕನ್ನಡದ ಸನ್ನೆಬಲ 0.033, ಡಿಎಫ್‌ಫಿಟ್ಸ್ 0.37, ಗಡಿಯ ಒಳಗೆ ಸುಖವಾಗಿದೆ. ಬೆಂಗಳೂರನ್ನು ತೆಗೆದ ಕೂಡಲೇ ಚಿತ್ರವು ಬದಲಾಗುತ್ತದೆ. ಸರಾಸರಿಯು 421ರಿಂದ 285ಕ್ಕೆ ಇಳಿಯುತ್ತದೆ, ಈವರೆಗೆ ಸರಾಸರಿಯ ಮಗ್ಗುಲಲ್ಲಿಯೇ ಇದ್ದ ನಮ್ಮ 430 ಈಗ ಬಲತುದಿಯ ಕಡೆಯದಾಗುತ್ತದೆ, ಸನ್ನೆಬಲವು 0.12ಕ್ಕೂ ಡಿಎಫ್‌ಫಿಟ್ಸ್ 0.67ಕ್ಕೂ ಏರುತ್ತವೆ. ದಕ್ಷಿಣ ಕನ್ನಡವನ್ನೂ ತೆಗೆದರೆ 0.0178 ಇದ್ದ ಏರು 0.0088 ಆಗುತ್ತದೆ, ಹೆಚ್ಚುಕಡಮೆ ಅರ್ಧ. ದೊಡ್ಡದೊಂದು ಬಿಂದುವಿನ ಮರೆಯಲ್ಲಿ ಇಷ್ಟು ಹೊತ್ತೂ ನಮ್ಮ ಜಿಲ್ಲೆಯ ಪ್ರಭಾವವು ಅಡಗಿತ್ತು. ಅಳತೆಗಳನ್ನು ಒಮ್ಮೆ ತೆಗೆದು ಪಟ್ಟಿಯನ್ನು ಮಡಚಿಡಬಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಎಡತುದಿಯಲ್ಲಿ ನಡೆಯುವುದು ಇದಕ್ಕಿಂತ ವಿಚಿತ್ರ. ಉತ್ತರ ಕನ್ನಡವೂ ಕೊಡಗೂ ಅತ್ಯಲ್ಪ ಸಾಂದ್ರತೆಯವು; ಸಾಕ್ಷರತೆಯಾದರೋ 84.06 ಮತ್ತು 82.61. ಎಡಕ್ಕೆ ದೂರ, ಮೇಲಕ್ಕೆ ಎತ್ತರ. ಆದುದರಿಂದ ಎರಡೂ ಕೂಡಿ ರೇಖೆಯ ಎಡತುದಿಯನ್ನು ಮೇಲಕ್ಕೆತ್ತಿ ಏರನ್ನು ಕಡಮೆ ಮಾಡುತ್ತವೆ. ದಕ್ಷಿಣ ಕನ್ನಡವನ್ನು ಮರಳಿ ಸೇರಿಸಿಕೊಂಡು, ಬೆಂಗಳೂರಿಲ್ಲದ ಆ 29 ಜಿಲ್ಲೆಗಳಿಂದ ಇವುಗಳಲ್ಲಿ ಒಂದನ್ನು ತೆಗೆದರೆ ಇನ್ನೊಂದು ಅಲ್ಲಿಯೇ ನಿಂತು ಎತ್ತುತ್ತಿರುವುದರಿಂದ ಏರು 0.027ಕ್ಕೆ ಮಾತ್ರ ಹೋಗುತ್ತದೆ. ಎರಡನ್ನೂ ಕೂಡಿ ತೆಗೆದರೆ ಅದು 0.039ಕ್ಕೆ ಜಿಗಿಯುತ್ತದೆ, ಅಷ್ಟೇ ಅಲ್ಲ, 29 ಜಿಲ್ಲೆಗಳಿದ್ದಾಗ ತನ್ನ ಅನಿಶ್ಚಯಕ್ಕಿಂತ ಸ್ವಲ್ಪವೇ ದೊಡ್ಡದಾಗಿದ್ದ, ಆದುದರಿಂದ ಆಕಸ್ಮಿಕವೆಂದು ತಳ್ಳಿಬಿಡಬಹುದಾಗಿದ್ದ ಏರು, ಈಗ ಅನಿಶ್ಚಯದ ಎರಡೂಕಾಲು ಪಾಲನ್ನು ಮೀರಿ, ಗ್ರಂಥಗಳು ಸಾರ್ಥಕವೆಂದು ಒಪ್ಪುವ ಮಟ್ಟಕ್ಕೆ ಬರುತ್ತದೆ. ಒಂದೊಂದನ್ನೇ ತೆಗೆದು ನೋಡುವ ಯಾವ ಅಳತೆಯೂ ಈ ಜೋಡಿಯ ಬಲವನ್ನು ಪೂರ್ಣವಾಗಿ ತೋರಿಸದು. ಇನ್ನೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು: ತನ್ನ ಸಿದ್ಧಾಂತವನ್ನು ಗೆಲ್ಲಿಸಬೇಕೆಂದಿರುವವನು ಬೆಂಗಳೂರು ಮಹಾನಗರ, ಉತ್ತರ ಕನ್ನಡ ಮತ್ತು ಕೊಡಗು ಕಾಡುಜಿಲ್ಲೆಗಳು ಎಂಬ ಮರ್ಯಾದೆಯ ಕಾರಣಗಳನ್ನು ಕೊಟ್ಟು ಮೂರನ್ನೂ ಪಟ್ಟಿಯಿಂದ ಹೊರಗಿಟ್ಟು, ಉಳಿದ 27ರಿಂದ ತನಗೆ ಬೇಕಾದ ಉತ್ತರವನ್ನು ಪಡೆಯಬಲ್ಲನು. ತೆಗೆದು ನೋಡುವುದು ಪ್ರಶ್ನೆ ಕೇಳುವ ವಿಧಾನ. ತೆಗೆದೇಬಿಡುವುದು ಬೇರೆ ಕಾರ್ಯ, ಅದಕ್ಕೆ ಅಂಕಿಗಳ ಹೊರಗಿನ ಕಾರಣ ಬೇಕು.

ಆ ಹೊರಗಿನ ಕಾರಣವನ್ನು ಹುಡುಕಿ ಹೊರಟರೆ ದೋಷವು ಜಿಲ್ಲೆಗಳಲ್ಲಿಲ್ಲ, ನಾವು ಹಿಡಿದ ಅಳತೆಗೋಲಿನಲ್ಲಿದೆಯೆಂದು ತಿಳಿಯುತ್ತದೆ. ಉತ್ತರ ಕನ್ನಡದ ಬಹುಭಾಗ ಅರಣ್ಯ. ಆ ಅರಣ್ಯದ ವಿಸ್ತೀರ್ಣವನ್ನೂ ಸೇರಿಸಿ ಜನಸಂಖ್ಯೆಯನ್ನು ಭಾಗಿಸಿದರೆ ಬರುವ 140 ಎಂಬ ಅಂಕಿಯು ಕಾರವಾರದಲ್ಲಿಯೋ ಕುಮಟೆಯಲ್ಲಿಯೋ ವಾಸಿಸುವವನಿಗೆ ನೆರೆಮನೆ ಎಷ್ಟು ದೂರವೆಂಬುದನ್ನು ಹೇಳುವುದಿಲ್ಲ. ನಮ್ಮಲ್ಲಿಯ ಸಾಕ್ಷರತೆಗಾದರೂ ಜನರ ಒತ್ತಣೆಯೇ ಕಾರಣವೆಂದು ಹೇಳಲು, 1834ರಲ್ಲಿಯೇ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಶಾಲೆಗಳನ್ನೂ ಮುದ್ರಣಾಲಯವನ್ನೂ, 1843ರಲ್ಲಿ ಈ ಊರಿನಿಂದಲೇ ಹೊರಟ ‘ಮಂಗಳೂರ ಸಮಾಚಾರ’ವನ್ನೂ ಬಲ್ಲವರಾರೂ ಒಪ್ಪಲಾರರು. ಸಾಂದ್ರತೆಯ ಬದಲು ಅದರ ಲಾಗರಿದಮ್ಮನ್ನು ಹಿಡಿದರೆ ದೂರಗಳು ಕುಗ್ಗಿ ಬೆಂಗಳೂರಿನ ಸನ್ನೆಬಲವು 0.986ರಿಂದ 0.71ಕ್ಕೆ ಇಳಿಯುತ್ತದೆ, ನೋವು ಕಡಮೆಯಾಗುತ್ತದೆ, ರೋಗವು ವಾಸಿಯಾಗುವುದಿಲ್ಲ. 476ಕ್ಕೂ 4,381ಕ್ಕೂ ನಡುವೆ ಒಂದೂ ಜಿಲ್ಲೆಯಿಲ್ಲದಿರುವ ಬರಿದನ್ನು ಯಾವ ಲಾಗರಿದಮ್ಮೂ ತುಂಬಲಾರದು.

ಅದನ್ನು ತುಂಬಬಲ್ಲದ್ದು ತಾಲ್ಲೂಕಿನ ಅಂಕಿ. 2011ರಲ್ಲಿ ರಾಜ್ಯದಲ್ಲಿ 176 ತಾಲ್ಲೂಕುಗಳಿದ್ದುವು; ಬೆಂಗಳೂರು ನಗರವೇ ಅಲ್ಲಿ ನಾಲ್ಕಾಗಿ ಒಡೆಯುತ್ತದೆ, ಮಂಗಳೂರು ತಾಲ್ಲೂಕು ಸುಳ್ಯದಿಂದ ಬೇರೆಯಾಗಿ ನಿಲ್ಲುತ್ತದೆ, ಘಟ್ಟದ ಕಾಡು ಕರಾವಳಿಯ ಪಟ್ಟಿಯಿಂದ ಪ್ರತ್ಯೇಕವಾಗುತ್ತದೆ. ಅಲ್ಲಿ ಸನ್ನೆಬಲದ ಸರಾಸರಿ ಪಾಲು 0.011, ನಿಂತು ನೋಡಬೇಕಾದ ಗುರುತು 0.023. ಆ ಪಟ್ಟಿಯಲ್ಲಿಯೂ ದೂರದ ಬಿಂದುಗಳು ಬೆಂಗಳೂರಿನವೇ ಆಗಿರುವುವೆಂಬುದರಲ್ಲಿ ನನಗೆ ಸಂಶಯವಿಲ್ಲ. ಒಂದೇ ಬಿಂದುವಿಗೆ ಇಡೀ ಒಂದು ಪಾಲು ಸಲ್ಲುವಂತಹ ಸ್ಥಿತಿ ಮಾತ್ರ ಅಲ್ಲಿರದು. ಸಭೆಯಲ್ಲಿರುವ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಆ ಲೆಕ್ಕವನ್ನು ಕೈಗೊಳ್ಳುವುದಾದರೆ, ರೇಖೆಯನ್ನು ಎಳೆಯುವುದಕ್ಕೆ ಮುಂಚೆಯೇ, ಸಾಕ್ಷರತೆಯ ಅಂಕಣವನ್ನು ತೆರೆಯದೆ, ಸಾಂದ್ರತೆಯಿಂದಲೇ 176 ಸನ್ನೆಬಲಗಳನ್ನೂ ಬರೆದಿಟ್ಟುಕೊಳ್ಳಲಿ. ಉತ್ತರವು ತಮಗೆ ಹಿತವೋ ಅಹಿತವೋ ಎಂದು ತಿಳಿಯುವ ಮೊದಲೇ, ಯಾವ ತಾಲ್ಲೂಕುಗಳ ಮುಂದೆ ನಿಲ್ಲಬೇಕೆಂಬುದು ಆಗ ಗೊತ್ತಾಗಿರುತ್ತದೆ.